ಸಂಗೀತ ಕೇಳುವವರಿಗೊಂದು ಉಡುಗೊರೆ: ಹೆಡ್‌ಫೋನೋ, ಸ್ಪೀಕರೋ?

ಹೆಡ್‌ಫೋನ್ ಒಬ್ಬರಿಗೆ ಕೇಳಿಸುತ್ತದೆ, ಸ್ಪೀಕರ್ ಮನೆಮಂದಿಗೆಲ್ಲ ಕೇಳಿಸುತ್ತದೆ. ಇವೆರಡರಲ್ಲಿ ಯಾವುದನ್ನು ಉಡುಗೊರೆಯಾಗಿ ಕೊಡಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಒಂದು ವ್ಯತ್ಯಾಸದಲ್ಲೇ ಸಿಗುತ್ತದೆ. ಇನ್ನರ್ಧ ಸಿಗುವುದು, ಪಡೆಯುವವರು ಯಾವ ಹೊತ್ತಿನಲ್ಲಿ, ಎಲ್ಲಿ ಕುಳಿತು, ಏನನ್ನು ಕೇಳುತ್ತಾರೆ ಎಂಬುದನ್ನು ನಾಲ್ಕು ದಿನ ಗಮನಿಸಿದಾಗ. ಅಂಗಡಿಯಲ್ಲಿ ಮೊದಲು ಎದುರಾಗುವುದು ‘ಬಜೆಟ್ ಎಷ್ಟು’ ಎಂಬ ಪ್ರಶ್ನೆ. ಆದರೆ ಹಣದ ಲೆಕ್ಕ ಕೊನೆಗೆ ಬರಬೇಕಾದದ್ದು. ಹತ್ತು ಸಾವಿರ ರೂಪಾಯಿಯ ಹೆಡ್‌ಫೋನು ಬೀರುವಿನಲ್ಲಿ ಉಳಿದು, ಎರಡು ಸಾವಿರದ್ದು ದಿನವೂ ಕಿವಿಯ ಮೇಲಿರುವ ಮನೆಗಳು ಬೇಕಾದಷ್ಟಿವೆ. ಮೊದಲನೆಯದರಲ್ಲಿ ದೋಷವೇನೂ ಇರುವುದಿಲ್ಲ. ಅದು ಕೇಳುವವರ ಅಭ್ಯಾಸಕ್ಕೆ ಹೊಂದಿರುವುದಿಲ್ಲ, ಅಷ್ಟೇ.

ಕೇಳುವುದರಲ್ಲಿ ಎರಡು ಬಗೆಯಿದೆ. ಕೆಲವರು ಸಂಗೀತವನ್ನೇ ಕೇಳಲು ಕೂರುತ್ತಾರೆ. ದೀಪ ಸಣ್ಣದು ಮಾಡಿ, ಕಣ್ಣು ಮುಚ್ಚಿ, ಒಂದು ರಾಗ ಮುಗಿಯುವವರೆಗೆ ಏಳುವುದಿಲ್ಲ. ಇನ್ನು ಕೆಲವರಿಗೆ ಸಂಗೀತ ಕೆಲಸದ ಜೊತೆಗಾರ. ಒಗ್ಗರಣೆ ಹಾಕುವಾಗ, ಇಸ್ತ್ರಿ ಮಾಡುವಾಗ, ಗಿಡಕ್ಕೆ ನೀರು ಹಾಕುವಾಗ ಹಾಡು ಹಿಂದೆ ನಡೆಯುತ್ತಿರಬೇಕು. ಮೊದಲನೆಯವರಿಗೆ ಹೆಡ್‌ಫೋನ್ ಅಥವಾ ಜೋಡಿ ಸ್ಪೀಕರ್ ಒಪ್ಪುತ್ತದೆ. ಎರಡನೆಯವರಿಗೆ ಕಿವಿ ಮುಚ್ಚುವ ಸಾಧನ ಕೊಟ್ಟರೆ ಕುಕ್ಕರಿನ ಸೀಟಿಯೂ ಬಾಗಿಲಿನ ಗಂಟೆಯೂ ಕೇಳಿಸದೆ ಎರಡು ದಿನದಲ್ಲಿ ಅದನ್ನು ತೆಗೆದಿಡುತ್ತಾರೆ. ಅವರಿಗೆ ಬೇಕಾದದ್ದು ಎಲ್ಲಿಗೆ ಬೇಕೋ ಅಲ್ಲಿಗೆ ಎತ್ತಿಕೊಂಡು ಹೋಗಬಹುದಾದ ಒಂದೇ ಸ್ಪೀಕರ್.

ಇನ್ನು ಕೇಳುವ ಸಂಗೀತದ ವಿಷಯ. ಉಡುಗೊರೆ ಆರಿಸುವವರು ಹೆಚ್ಚಾಗಿ ಕಡೆಗಣಿಸುವುದು ಇದನ್ನೇ. ತಂಬೂರಿಯನ್ನೇ ತೆಗೆದುಕೊಳ್ಳಬಹುದು. ಹಾರ್ಮೋನಿಯಂನ ಮೊದಲ ಕಪ್ಪು ಮನೆಯನ್ನು ಷಡ್ಜವಾಗಿಟ್ಟುಕೊಂಡು ಹಾಡುವ ಗಾಯಕರ ಮಧ್ಯ ಷಡ್ಜ ಸುಮಾರು 139 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ತಂಬೂರಿಯ ಕೊನೆಯ ಮಂದ್ರ ತಂತಿ ಅದರ ಅರ್ಧಕ್ಕೆ, ಸುಮಾರು 69 ಹರ್ಟ್ಜ್‌ಗೆ ಶ್ರುತಿಯಾಗಿರುತ್ತದೆ. ಅಂಗೈಯಲ್ಲಿ ಹಿಡಿಸುವ ಬ್ಲೂಟೂತ್ ಸ್ಪೀಕರಿನೊಳಗಿನ ಪೊರೆ ಒಂದೂವರೆ, ಎರಡು ಅಂಗುಲ ಅಗಲದ್ದು. ಅಷ್ಟು ಚಿಕ್ಕ ಪೊರೆ ಅಷ್ಟು ತಗ್ಗಿನ ಸ್ವರಕ್ಕೆ ಬೇಕಾದಷ್ಟು ಗಾಳಿಯನ್ನು ತಳ್ಳಲಾರದು. 100 ಹರ್ಟ್ಜ್‌ಗಿಂತ ಕೆಳಗೆ ಅದರ ದನಿ ಬೇಗ ಕ್ಷೀಣಿಸುತ್ತದೆ.

ಹಾಗಿದ್ದರೂ ಆ ಪುಟ್ಟ ಸ್ಪೀಕರಿನಲ್ಲಿ ಮಂದ್ರ ಷಡ್ಜ ಕೇಳಿಸಿದಂತೆ ಅನ್ನಿಸುವುದುಂಟು. ತಂತಿ ಮೀಟಿದಾಗ 69ರ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಉಪಸ್ವರಗಳೂ ಹುಟ್ಟುತ್ತವೆ. ಕುದುರೆಯ ಮೇಲೆ ತಂತಿಯ ಕೆಳಗೆ ಸೇರಿಸುವ ಜೀವಾಳದ ದಾರ ಈ ಉಪಸ್ವರಗಳನ್ನು ಇನ್ನೂ ಮೇಲೆತ್ತುತ್ತದೆ. ಮೂಲಸ್ವರ ಬರದಿದ್ದರೂ ಉಪಸ್ವರಗಳ ಅಂತರವನ್ನು ಹಿಡಿದು ಮಿದುಳು ಅದನ್ನು ಊಹಿಸಿಕೊಳ್ಳುತ್ತದೆ. ಆದ್ದರಿಂದ ಚಿಕ್ಕ ಸ್ಪೀಕರಿನಲ್ಲಿ ಶ್ರುತಿ ತಪ್ಪುವುದಿಲ್ಲ, ರಾಗ ಕೆಡುವುದಿಲ್ಲ. ಹೋಗುವುದು ತಂಬೂರಿಯ ಬುರುಡೆಯಿಂದ ಬರುವ ತುಂಬುತನ, ಮೃದಂಗದ ಎಡಭಾಗದ ಗುಂಕಾರ, ತಬಲಾ ಜೋಡಿಯಲ್ಲಿ ಡಗ್ಗದ ಮೀಂಡು. ಲಯವಾದ್ಯವನ್ನು ಮನಸ್ಸಿಟ್ಟು ಕೇಳುವವರಿಗೆ ಇದು ದೊಡ್ಡ ಕೊರತೆ. ಭಾವಗೀತೆಯನ್ನೋ ದೇವರನಾಮವನ್ನೋ ಸಾಹಿತ್ಯಕ್ಕಾಗಿ ಕೇಳುವವರಿಗೆ ಅಷ್ಟೇನೂ ಅಲ್ಲ.

ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಇದೆ. ಈಗ ಮಾರುಕಟ್ಟೆಯಲ್ಲಿರುವ ಅಗ್ಗದ ಹೆಡ್‌ಫೋನುಗಳಲ್ಲಿ ಬಹುಪಾಲು ‘ಎಕ್ಸ್‌ಟ್ರಾ ಬಾಸ್’ ಎಂದು ಹೇಳಿಕೊಂಡು ಮಾರಾಟವಾಗುತ್ತವೆ. ಇವು ತಗ್ಗಿನ ದನಿಯನ್ನೂ ತೀರ ಮೇಲಿನ ದನಿಯನ್ನೂ ಉಬ್ಬಿಸಿ ನಡುವಿನದನ್ನು ಹಿಂದೆ ಸರಿಸುತ್ತವೆ. ಇಂದಿನ ಸಿನಿಮಾ ಹಾಡಿಗೆ, ಕುಣಿತದ ಸಂಗೀತಕ್ಕೆ ಇದು ರಂಜಕವಾಗಿಯೇ ಇರುತ್ತದೆ. ಆದರೆ ಹಾಡುಗಾರಿಕೆ, ಪಿಟೀಲು, ವೀಣೆ, ಸಾರಂಗಿ ಎಲ್ಲವೂ ಆ ನಡುವಿನ ಜಾಗದಲ್ಲೇ ಬಾಳುತ್ತವೆ. ಅಂಥ ಹೆಡ್‌ಫೋನಿನಲ್ಲಿ ಕಛೇರಿ ಕೇಳಿದರೆ ಮೃದಂಗ ಮುಂದಿನ ಸಾಲಿಗೆ ಬಂದು ಗಾಯಕರು ಪರದೆಯ ಹಿಂದೆ ನಿಂತಂತಾಗುತ್ತದೆ. ಪರೀಕ್ಷಿಸುವುದು ಸುಲಭ. ವೀಣೆಯ ಒಂದು ಆಲಾಪನೆಯನ್ನು ಹಾಕಿ, ಮೀಟು ಮುಗಿದ ಮೇಲೂ ಬೆರಳು ತಂತಿಯನ್ನೆಳೆದು ತರುವ ಗಮಕ ಕೊನೆಯವರೆಗೆ ಸ್ಪಷ್ಟವಾಗಿ ಕೇಳಿಸುತ್ತದೆಯೇ ಎಂದು ನೋಡಬೇಕು. ಮೀಟಿನ ಪೆಟ್ಟು ಮಾತ್ರ ಕೇಳಿಸಿ ಬಾಲ ಮಾಯವಾದರೆ ಆ ಹೆಡ್‌ಫೋನ್ ಶಾಸ್ತ್ರೀಯ ಸಂಗೀತದವರಿಗಲ್ಲ.

ಹಳೆಯ ಧ್ವನಿಮುದ್ರಿಕೆಗಳನ್ನು ಕೇಳುವವರ ಲೆಕ್ಕ ಬೇರೆ. ಮಲ್ಲಿಕಾರ್ಜುನ ಮನ್ಸೂರರಂಥವರು 78 ಸುತ್ತಿನ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದ ಕಾಲದಲ್ಲಿ ಒಂದು ಮುಖಕ್ಕೆ ಸಿಗುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ದನಿ ದಾಖಲಾಗುತ್ತಿದ್ದದ್ದು ಒಂದೇ ಕಾಲುವೆಯಲ್ಲಿ, ಅಂದರೆ ಮೊನೊ. ಸ್ಟೀರಿಯೊ ತಟ್ಟೆಗಳು ಜಗತ್ತಿನ ಮಾರುಕಟ್ಟೆಗೆ ಬಂದದ್ದೇ 1958ರ ಹೊತ್ತಿಗೆ. ಆಕಾಶವಾಣಿಯ ಹಳೆಯ ಮುದ್ರಿಕೆಗಳಲ್ಲೂ ಬಹುಪಾಲು ಮೊನೊ. ಅವುಗಳಲ್ಲಿ ಎಡ ಬಲ ಎಂಬುದೇ ಇಲ್ಲದಿರುವಾಗ ಜೋಡಿ ಸ್ಪೀಕರಿಗೆ ಹಣ ಸುರಿಯುವುದರಿಂದ ಹೆಚ್ಚೇನೂ ದೊರೆಯುವುದಿಲ್ಲ. ಅದೇ ಹಣದಲ್ಲಿ ಕೊಂಡ ಒಂದು ದೊಡ್ಡ, ಒಳ್ಳೆಯ ಸ್ಪೀಕರ್ ಹೆಚ್ಚು ಸುಖ ಕೊಡುತ್ತದೆ. ಮೊನೊ ಹಾಡು ಹೆಡ್‌ಫೋನಿನಲ್ಲಿ ತಲೆಯ ನಟ್ಟನಡುವೆ ನಿಂತು ಹಾಡಿದಂತೆ ಕೇಳುತ್ತದೆ. ಕೆಲವರಿಗೆ ಅದು ಇಷ್ಟ, ಕೆಲವರಿಗೆ ಉಸಿರುಗಟ್ಟಿದಂತೆ. ಜೊತೆಗೆ ತಟ್ಟೆಯ ಸವೆತದ ಸುಯ್ಯೆನ್ನುವ ಸದ್ದು ದನಿಯ ಮೇಲ್ತುದಿಯಲ್ಲಿರುತ್ತದೆ. ಮೇಲ್ತುದಿಯನ್ನು ಎತ್ತಿ ತೋರಿಸುವ ಹೆಡ್‌ಫೋನ್ ಹಾಡಿಗಿಂತ ಮೊದಲು ಆ ಸವೆತವನ್ನೇ ಕೇಳಿಸುತ್ತದೆ. ‘ತುಂಬ ಕ್ಲಿಯರ್’ ಎಂದು ಅಂಗಡಿಯವರು ಹೊಗಳುವ ಸಾಧನ ಹಳೆಯ ಹಾಡಿನ ಪ್ರೇಮಿಗೆ ಕಿರಿಕಿರಿಯಾಗುವುದು ಹೀಗೆ.

ಹೆಡ್‌ಫೋನಿನತ್ತ ಮನಸ್ಸು ವಾಲಿದರೆ ಮುಂದಿನ ಆಯ್ಕೆ ಅದರ ಬಟ್ಟಲಿನದು. ಹೊರಮೈ ಪೂರ್ತಿ ಮುಚ್ಚಿದ ಬಟ್ಟಲು ಒಂದು ಬಗೆ, ಜಾಲರಿಯಿಟ್ಟು ಹಿಂಬದಿಯನ್ನು ತೆರೆದಿಟ್ಟದ್ದು ಇನ್ನೊಂದು. ತೆರೆದ ಬಗೆಯಲ್ಲಿ ಪೊರೆಯ ಹಿಂದಿನ ಗಾಳಿ ಹೊರಗೆ ಹೋಗುವುದರಿಂದ ದನಿ ತಲೆಯೊಳಗೆ ಕಟ್ಟಿಹಾಕಿದಂತಿರದೆ ಕೋಣೆಯಲ್ಲಿ ಹರಡಿದಂತೆ ಕೇಳುತ್ತದೆ, ಕಿವಿ ಬೆವರುವುದೂ ಕಡಿಮೆ. ಆದರೆ ಒಳಗಿನ ಹಾಡು ಪಕ್ಕದವರಿಗೆ ಸಣ್ಣಗೆ ಕೇಳಿಸುತ್ತದೆ, ಹೊರಗಿನ ಗದ್ದಲ ತಡೆಯಿಲ್ಲದೆ ಒಳಬರುತ್ತದೆ. ನಿಶ್ಶಬ್ದವಾದ ಕೋಣೆಯಲ್ಲಿ ಒಂಟಿಯಾಗಿ ಗಂಟೆಗಟ್ಟಲೆ ಕೂರುವವರಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಬಸ್ಸಿನಲ್ಲಿ, ಕಚೇರಿಯಲ್ಲಿ, ಮಗು ಮಲಗಿರುವ ಹಾಸಿಗೆಯ ಪಕ್ಕದಲ್ಲಿ ಕೇಳುವವರಿಗೆ ಇದು ಸಲ್ಲದು.

ಪ್ರಯಾಣದಲ್ಲಿ ಕೇಳುವವರಿಗೆ ಗದ್ದಲ ಕಳೆಯುವ ತಂತ್ರವಿರುವ, ‘ನಾಯ್ಸ್ ಕ್ಯಾನ್ಸಲೇಶನ್’ ಎಂದು ಕರೆಯುವ ಹೆಡ್‌ಫೋನ್ ನಿಜವಾಗಿಯೂ ಉಪಯುಕ್ತ. ಅದರ ಹೊರಮೈಯಲ್ಲಿರುವ ಮೈಕ್ ಗದ್ದಲವನ್ನು ಆಲಿಸಿ, ಅದಕ್ಕೆ ತಲೆಕೆಳಗಾದ ಅಲೆಯನ್ನು ಒಳಗೆ ನುಡಿಸುತ್ತದೆ. ಎರಡೂ ಸೇರಿ ಒಂದನ್ನೊಂದು ಅಳಿಸುತ್ತವೆ. ಬಸ್ಸಿನ ಎಂಜಿನ್, ಮೆಟ್ರೊ ಗಾಲಿಯ ಮೊರೆತ, ಎ.ಸಿ., ಫ್ಯಾನು ಮುಂತಾದ ಒಂದೇ ಸಮನೆಯ ತಗ್ಗಿನ ಸದ್ದು ಇದರಿಂದ ಬಹಳ ಮಟ್ಟಿಗೆ ಹೋಗುತ್ತದೆ. ಹಾರ್ನ್, ಮಾತು, ಮಗುವಿನ ಅಳು ಅಷ್ಟಾಗಿ ಹೋಗುವುದಿಲ್ಲ, ಏಕೆಂದರೆ ಅವು ಕ್ಷಣಕ್ಷಣಕ್ಕೂ ಬದಲಾಗುತ್ತವೆ, ಮೇಲಿನ ಸ್ಥಾಯಿಯಲ್ಲೂ ಇರುತ್ತವೆ. ಇದರಿಂದ ಇನ್ನೊಂದು ಲಾಭವೂ ಇದೆ. ಎಂಜಿನ್ನಿನ ಸದ್ದನ್ನು ಮೀರಿಸಲು ಹಾಡನ್ನು ಜೋರು ಮಾಡಬೇಕಾಗುವುದಿಲ್ಲ, ಕಿವಿಗೆ ಅಷ್ಟು ಬಿಡುವು ಸಿಗುತ್ತದೆ. ಮನೆಯ ಮೂಲೆಯಲ್ಲಿ ಮಾತ್ರ ಕೇಳುವವರಿಗೆ ಈ ತಂತ್ರಕ್ಕಾಗಿ ತೆತ್ತ ಹಣ ವ್ಯರ್ಥ. ಅದೇ ಬೆಲೆಗೆ ಈ ತಂತ್ರವಿಲ್ಲದ ಹೆಡ್‌ಫೋನ್ ಕೊಂಡರೆ ಸಾಮಾನ್ಯವಾಗಿ ಇನ್ನೂ ಒಳ್ಳೆಯ ದನಿ ಸಿಗುತ್ತದೆ.

ತಂತಿ ಇರಬೇಕೋ ಬೇಡವೋ ಎಂಬುದು ಅನುಕೂಲದ ಪ್ರಶ್ನೆಯೆಂದು ತೋರಿದರೂ ಆಯುಷ್ಯದ ಪ್ರಶ್ನೆಯೂ ಹೌದು. ಕಿವಿಯೊಳಗಿಡುವ ನಿಸ್ತಂತು ಗುಂಡಿಗಳಲ್ಲಿ ಹುರುಳಿಕಾಳಿನಷ್ಟು ಜಾಗದಲ್ಲಿ ಬ್ಯಾಟರಿ ತುಂಬಿರುತ್ತಾರೆ. ದಿನವೂ ಬಳಸಿದರೆ ಎರಡು ಮೂರು ವರ್ಷಕ್ಕೆ ಅದರ ಶಕ್ತಿ ಕುಂದುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಅದನ್ನು ಬಿಚ್ಚಿ ಹೊಸದನ್ನು ಹಾಕಲಾಗುವುದಿಲ್ಲ. ತಂತಿಯ ಹೆಡ್‌ಫೋನಿನಲ್ಲಿ ಮೊದಲು ಕೆಡುವುದು ತಂತಿ, ಆಮೇಲೆ ಕಿವಿಯ ಮೆತ್ತೆ. ಎರಡನ್ನೂ ಬದಲಿಸುವಂತಿರುವ ಮಾದರಿ ಕೊಂಡರೆ ಹತ್ತು ವರ್ಷ ಬಾಳುವುದು ಸಾಮಾನ್ಯ. ಸೆನ್‌ಹೈಸರ್ ಕಂಪನಿಯ ಎಚ್‌ಡಿ 600 ಎಂಬ ತೆರೆದ ಹೆಡ್‌ಫೋನ್ 1997ರಿಂದ ಮಾರುಕಟ್ಟೆಯಲ್ಲಿದೆ. ಅದರ ಮೆತ್ತೆ, ತಂತಿ, ತಲೆಪಟ್ಟಿಯ ಸ್ಪಂಜು ಎಲ್ಲವೂ ಬಿಡಿಯಾಗಿ ಸಿಗುತ್ತವೆ.

ಸಂಗೀತ ಕಲಿಯುತ್ತಿರುವವರಿಗೆ ತಂತಿಯದ್ದೇ ಕೊಡಬೇಕು ಎನ್ನಲು ಬೇರೊಂದು ಕಾರಣವಿದೆ. ಬ್ಲೂಟೂತಿನಲ್ಲಿ ದನಿ ಫೋನಿನಿಂದ ಕಿವಿಗೆ ತಲುಪುವಾಗ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಐದನೇ ಒಂದು ಭಾಗದಷ್ಟು ತಡವಾಗುವುದು ಸಾಮಾನ್ಯ. ಬರೀ ಕೇಳುವವರಿಗೆ ಇದು ತಿಳಿಯುವುದೇ ಇಲ್ಲ. ಆದರೆ ಫೋನಿನಲ್ಲಿ ಹಾರ್ಮೋನಿಯಂ ಆ್ಯಪಿನ ಮನೆ ಒತ್ತಿ ಸ್ವರ ಹುಡುಕುವವರಿಗೆ, ತಮ್ಮ ಹಾಡನ್ನು ಮುದ್ರಿಸುತ್ತಲೇ ಕೇಳಿಸಿಕೊಳ್ಳಬೇಕಾದವರಿಗೆ ಒತ್ತಿದ್ದೊಂದು ಕ್ಷಣ, ಕೇಳಿದ್ದು ಇನ್ನೊಂದು ಕ್ಷಣ ಎಂಬಂತಾಗುತ್ತದೆ. ಆಮೇಲೆ ಕೇಳಿ ನೋಡಿದರೆ ಹಾಡು ತಾಳಕ್ಕಿಂತ ಹಿಂದೆ ಬಿದ್ದಿರುತ್ತದೆ, ತಪ್ಪು ತನ್ನದೆಂದು ವಿದ್ಯಾರ್ಥಿ ಕೊರಗುವಂತಾಗುತ್ತದೆ.

ತಂತಿಯದ್ದನ್ನು ಕೊಡುವ ಮುನ್ನ ಫೋನಿನ ಬುಡ ನೋಡಬೇಕು. ಹೊಸ ಫೋನುಗಳಲ್ಲಿ ಅನೇಕವಕ್ಕೆ ದುಂಡನೆಯ ಹೆಡ್‌ಫೋನ್ ತೂತೇ ಇಲ್ಲ, ಚಾರ್ಜಿಂಗಿನ ಸಿ ಪಿನ್ ಮಾತ್ರ. ಆಗ ಒಂದು ಕನ್ವರ್ಟರ್ ಬೇಕು. ಇದರಲ್ಲೂ ಎರಡು ಬಗೆ. ಒಂದರಲ್ಲಿ ಒಳಗೆ ಬರೀ ತಂತಿ, ಇನ್ನೊಂದರಲ್ಲಿ ಅಂಕಿಯ ರೂಪದ ದನಿಯನ್ನು ವಿದ್ಯುತ್ತಿನ ಅಲೆಯಾಗಿಸುವ ಡ್ಯಾಕ್ ಎಂಬ ಚಿಪ್ಪು. ಬರೀ ತಂತಿಯದ್ದು ಎಷ್ಟೋ ಫೋನುಗಳಲ್ಲಿ ಕೆಲಸ ಮಾಡುವುದಿಲ್ಲ. ಡಬ್ಬಿಯ ಮೇಲೆ ಡ್ಯಾಕ್ ಇದೆಯೆಂದು ಬರೆದಿರುವುದನ್ನೇ ಕೊಳ್ಳಬೇಕು. ಇನ್ನೊಂದು ಅಂಕಿ ಓಮ್‌ನದು. ಹೆಡ್‌ಫೋನಿನ ವಿವರದಲ್ಲಿ 16ರಿಂದ 40 ಓಮ್ ಎಂದಿದ್ದರೆ ಸಾಮಾನ್ಯವಾಗಿ ಫೋನೇ ಅದನ್ನು ಸಾಕಷ್ಟು ಜೋರಾಗಿ ನುಡಿಸುತ್ತದೆ. ಮೇಲೆ ಹೇಳಿದ ಎಚ್‌ಡಿ 600 ಹೆಡ್‌ಫೋನಿನದು 300 ಓಮ್. ಅಂಥದ್ದನ್ನು ನೇರವಾಗಿ ಫೋನಿಗೆ ಸಿಕ್ಕಿಸಿದರೆ ದನಿ ಸಪ್ಪೆಯಾಗಿ, ಸಣ್ಣಗೆ ಬರುತ್ತದೆ. ಅದಕ್ಕೊಂದು ಆಂಪ್ಲಿಫೈಯರ್ ಸೇರಿಸಿ ಕೊಡದಿದ್ದರೆ ಉಡುಗೊರೆ ಅರ್ಧಕ್ಕೇ ನಿಂತಂತೆ.

ಸ್ಪೀಕರಿನ ಡಬ್ಬಿಯ ಮೇಲೆ ದೊಡ್ಡದಾಗಿ ಮುದ್ರಿಸುವುದು ವ್ಯಾಟಿನ ಅಂಕಿ. ಅದನ್ನು ನೋಡಿ ಕೊಳ್ಳುವುದು ತಪ್ಪು. ವ್ಯಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದಿಲ್ಲ, 3 ಡೆಸಿಬೆಲ್ ಏರುತ್ತದೆ. ಅದು ಗಮನಕ್ಕೆ ಬರುವಷ್ಟು ಮಾತ್ರದ ಹೆಚ್ಚಳ. ಸದ್ದು ಇಮ್ಮಡಿಯಾಯಿತು ಎಂದು ಕಿವಿಗೆ ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಪಿಎಂಪಿಒ ಎಂದು ಬರೆದು ಸಾವಿರಗಟ್ಟಲೆ ವ್ಯಾಟ್ ತೋರಿಸುವ ಡಬ್ಬಿಗಳನ್ನು ಅಲ್ಲೇ ಬಿಡುವುದು ಒಳ್ಳೆಯದು. ಆರ್‌ಎಂಎಸ್ ಎಂದು ಬರೆದ ಅಂಕಿಗೆ ಮಾತ್ರ ಅರ್ಥವಿದೆ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಗೆ ಇಪ್ಪತ್ತು ವ್ಯಾಟ್ ಆರ್‌ಎಂಎಸ್ ಧಾರಾಳ. ವ್ಯಾಟಿಗಿಂತ ಪೊರೆಯ ಅಗಲವನ್ನು ಕೇಳಿ ತಿಳಿಯುವುದು ಹೆಚ್ಚು ಉಪಯುಕ್ತ. ನಾಲ್ಕು ಅಂಗುಲದ ಪೊರೆಯಿರುವ ಮರದ ಪೆಟ್ಟಿಗೆಯಲ್ಲಿ ಮೃದಂಗದ ಎಡಭಾಗ ಮೃದಂಗದಂತೆಯೇ ಕೇಳತೊಡಗುತ್ತದೆ.

ಜೋಡಿ ಸ್ಪೀಕರ್ ಕೊಡುವುದಾದರೆ ಒಳಗೇ ಆಂಪ್ಲಿಫೈಯರ್ ಇರುವ ಬಗೆ ಉಡುಗೊರೆಗೆ ಅನುಕೂಲ. ಎಡಿಫೈಯರ್ ಆರ್1280 ಸಾಲಿನ ಸ್ಪೀಕರುಗಳು ಈ ಬಗೆಯವು. ಬೇರೆ ಪೆಟ್ಟಿಗೆ ಬೇಡ, ಪ್ಲಗ್ ಹಾಕಿ ಫೋನನ್ನೋ ಟಿವಿಯನ್ನೋ ಜೋಡಿಸಿದರೆ ಮುಗಿಯಿತು. ಆದರೆ ಇಡಲು ಜಾಗವಿದೆಯೇ ಎಂದು ಮೊದಲೇ ನೋಡಿರಬೇಕು. ಎರಡು ಪೆಟ್ಟಿಗೆ ಮತ್ತು ಕೇಳುವವರ ತಲೆ ಸೇರಿ ಸರಿಸುಮಾರು ಸಮಬಾಹು ತ್ರಿಕೋನವಾಗಬೇಕು, ಪೊರೆ ಕಿವಿಯ ಎತ್ತರಕ್ಕಿರಬೇಕು. ಷೋಕೇಸಿನ ಗಾಜಿನ ಅರೆಯೊಳಗೆ ತುರುಕಿದರೆ, ಗೋಡೆಯ ಮೂಲೆಗೆ ಒತ್ತಿಟ್ಟರೆ ತಗ್ಗಿನ ದನಿ ಉಬ್ಬಿ ಗುಂಯ್‌ಗುಡುತ್ತದೆ. ನಮ್ಮ ಮನೆಗಳ ಸಿಮೆಂಟಿನ ಗೋಡೆ, ನುಣುಪು ಟೈಲ್ಸಿನ ನೆಲ ದನಿಯನ್ನು ಹೀರದೆ ಹಿಂದಕ್ಕೆ ಎಸೆಯುತ್ತವೆ. ನೆಲಕ್ಕೊಂದು ಜಮಖಾನೆ, ಕಿಟಕಿಗೆ ದಪ್ಪ ಪರದೆ ಹಾಕಿದರೆ ಐದು ಸಾವಿರ ಹೆಚ್ಚು ಕೊಟ್ಟು ಕೊಂಡ ಸ್ಪೀಕರಿನಷ್ಟೇ ವ್ಯತ್ಯಾಸ ಕಾಣಬಹುದು.

ಜೋಡಿ ಸ್ಪೀಕರಿನಲ್ಲಿ ಆಗಾಗ ಆಗುವ ಒಂದು ತಪ್ಪನ್ನು ಬಿಡಿಸಿ ಹೇಳಬೇಕು. ಎರಡು ಪೆಟ್ಟಿಗೆಗಳ ನಡುವಿನ ತಂತಿಯಲ್ಲಿ ಕೆಂಪು ಮತ್ತು ಕಪ್ಪು ತುದಿಗಳಿರುತ್ತವೆ. ಒಂದು ಕಡೆ ಅದಲುಬದಲಾದರೆ ಒಂದರ ಪೊರೆ ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗುತ್ತದೆ. ಏನೂ ಸುಡುವುದಿಲ್ಲ, ಸದ್ದೂ ಬರುತ್ತಲೇ ಇರುತ್ತದೆ. ಆದರೆ ತಗ್ಗಿನ ದನಿ ಪರಸ್ಪರ ಅಳಿಸಿಹೋಗಿ ಹಾಡು ತೆಳ್ಳಗಾಗುತ್ತದೆ, ಗಾಯಕರು ಎಲ್ಲಿ ನಿಂತಿದ್ದಾರೆಂದು ತಿಳಿಯುವುದಿಲ್ಲ. ಇದನ್ನು ಹಿಡಿಯಲು ಹಳೆಯ ಮೊನೊ ಹಾಡೊಂದನ್ನು ಹಾಕಿ ನಡುವೆ ಕೂರಬೇಕು. ದನಿ ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಜಾಗದಿಂದಲೇ ಬಂದಂತಿದ್ದರೆ ಜೋಡಣೆ ಸರಿ. ಎಲ್ಲಿಂದಲೋ ಸುತ್ತಿಕೊಂಡು ಬಂದಂತಿದ್ದರೆ ತಂತಿಯನ್ನು ಒಂದು ಕಡೆ ತಿರುಗಿಸಬೇಕು. ಹೊಸ ಸ್ಪೀಕರ್ ‘ಚೆನ್ನಾಗಿಲ್ಲ’ ಎಂದು ಮೂಲೆ ಸೇರುವುದಕ್ಕೆ ಕೆಲವು ಸಲ ಇಷ್ಟೇ ಕಾರಣ.

ಇಷ್ಟನ್ನೂ ಒಂದು ಉದಾಹರಣೆಗೆ ಅನ್ವಯಿಸಬಹುದು. ಮೈಸೂರಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ನಿವೃತ್ತರಾದ ತಂದೆಗೆ 67 ವರ್ಷ. ಬೆಳಗ್ಗೆ ಐದಕ್ಕೆ ಎದ್ದು ಆರೂವರೆಯವರೆಗೆ ಹಜಾರದ ಆರಾಮಕುರ್ಚಿಯಲ್ಲಿ ಕೂತು ಫೋನಿನಲ್ಲಿ ಹಳೆಯ ಖಯಾಲುಗಳನ್ನು, ಕರ್ನಾಟಕ ಸಂಗೀತದ ಕಛೇರಿಗಳನ್ನು ಕೇಳುತ್ತಾರೆ. ಪಕ್ಕದ ಕೋಣೆಯಲ್ಲಿ ಮೊಮ್ಮಗು ಮಲಗಿರುತ್ತದೆಂದು ಫೋನನ್ನೇ ಸಣ್ಣ ದನಿಯಲ್ಲಿಟ್ಟು ಕಿವಿಯ ಹತ್ತಿರ ಹಿಡಿದುಕೊಳ್ಳುತ್ತಾರೆ. ಕನ್ನಡಕ ಧರಿಸುತ್ತಾರೆ. ಫೋನಿಗೆ ಸಿ ಪಿನ್ ಮಾತ್ರ ಇದೆ. ಬೆಂಗಳೂರಿನಲ್ಲಿರುವ ಮಗಳು ಹುಟ್ಟುಹಬ್ಬಕ್ಕೆ 6,000 ರೂಪಾಯಿ ತೆಗೆದಿಟ್ಟಿದ್ದಾಳೆ. ಅವಳ ಮನಸ್ಸಿನಲ್ಲಿರುವುದು ಅವಳೇ ಮೆಟ್ರೊದಲ್ಲಿ ಬಳಸುವಂಥ, ಗದ್ದಲ ಕಳೆಯುವ ನಿಸ್ತಂತು ಗುಂಡಿಗಳು.

ಆ ಗುಂಡಿಗಳು ಮಗಳ ಪ್ರಯಾಣಕ್ಕೆ ಹೇಳಿ ಮಾಡಿಸಿದಂಥವು, ತಂದೆಯ ಬೆಳಗಿಗಲ್ಲ. ಬೆಳಗಿನ ಐದಕ್ಕೆ ಕಳೆಯಬೇಕಾದ ಗದ್ದಲವೇ ಇಲ್ಲ. ಚಿಕ್ಕ ಗುಂಡಿ ಕೈಜಾರಿ ಸೋಫಾದ ಸಂದಿಗೆ ಬೀಳುತ್ತದೆ. ಮುಟ್ಟಿದರೆ ಹಾಡು ನಿಲ್ಲುವ, ಎರಡು ಸಲ ಮುಟ್ಟಿದರೆ ಮುಂದಕ್ಕೆ ಹೋಗುವ ವ್ಯವಸ್ಥೆ ಹಿರಿಯರಿಗೆ ಗೊಂದಲ. ಕಿವಿಯ ತೂತಿಗೆ ರಬ್ಬರ್ ತೊಪ್ಪಿ ಸರಿಯಾಗಿ ಕೂರದಿದ್ದರೆ ತಗ್ಗಿನ ದನಿಯೆಲ್ಲ ಸೋರಿ ಹೋಗುತ್ತದೆ. ಸ್ಪೀಕರ್ ಕೊಟ್ಟರೆ ಮೊಮ್ಮಗು ಏಳುತ್ತದೆ. ಗದ್ದಲ ಕಳೆಯುವ ದೊಡ್ಡ ಹೆಡ್‌ಫೋನ್ ಈ ಬೆಲೆಗೆ ಸಿಕ್ಕರೂ ಹಣದ ಬಹುಪಾಲು ಇವರಿಗೆ ಬೇಡದ ತಂತ್ರಕ್ಕೆ ಹೋಗುತ್ತದೆ.

ಉಳಿಯುವುದು ಕಿವಿಯನ್ನು ಸುತ್ತುವ, ತಂತಿಯುಳ್ಳ, ಹಗುರವಾದ ಹೆಡ್‌ಫೋನ್. ತೂಕ 250 ಗ್ರಾಂ ಮೀರಬಾರದು, ತಲೆಯನ್ನು ಬಿಗಿಯಾಗಿ ಅಮುಕಬಾರದು. ಕನ್ನಡಕದ ಕಡ್ಡಿಯನ್ನು ಬಿಗಿ ಹೆಡ್‌ಫೋನ್ ಕಿವಿಯ ಮೇಲೆ ಒತ್ತಿದರೆ ಅರ್ಧ ಗಂಟೆಗೇ ನೋವು ಬರುತ್ತದೆ. ಮೆತ್ತೆ ಮೃದುವಾಗಿದ್ದರೆ ಕಡ್ಡಿಯ ಸುತ್ತ ತಾನೇ ಕೂತು ದನಿ ಸೋರದಂತೆ ತಡೆಯುತ್ತದೆ. ವಯಸ್ಸಾದಂತೆ ಮೊದಲು ಮಂಕಾಗುವುದು ಮೇಲಿನ ಸ್ಥಾಯಿಯ ಶ್ರವಣ. ಹಾಗೆಂದು ಮೇಲ್ತುದಿಯನ್ನು ಅತಿಯಾಗಿ ಎತ್ತುವ ಹೆಡ್‌ಫೋನ್ ಕೊಟ್ಟರೆ ಹಳೆಯ ಮುದ್ರಿಕೆಯ ಸವೆತವೂ ಜೊತೆಗೆ ಏಳುತ್ತದೆ. ಸಮತೋಲದ ದನಿಯದ್ದೇ ಇರಲಿ, ಬೇಕಾದಷ್ಟು ಏರಿಳಿಕೆಯನ್ನು ಫೋನಿನ ಈಕ್ವಲೈಜರಿನಲ್ಲಿ ಮಾಡಿಕೊಳ್ಳಬಹುದು. ಸ್ಟುಡಿಯೊಗೆಂದು ಮಾಡಿದ ಆರಂಭದ ಮಾದರಿಗಳಲ್ಲಿ ಇಂಥವು ಸುಮಾರು 3,500ರಿಂದ 4,000 ರೂಪಾಯಿಗೆ ಸಿಗುತ್ತವೆ. ಆದರೆ ಅವುಗಳಲ್ಲಿ ಕೆಲವಕ್ಕೆ ಮೂರು ಮೀಟರ್ ಉದ್ದದ ತಂತಿಯಿರುತ್ತದೆ. ಕುರ್ಚಿಯಿಂದ ಏಳುವಾಗ ಅದು ಕಾಲಿಗೆ ತೊಡರುವ ಅಪಾಯವಿದೆ, ಒಂದೂಕಾಲು ಮೀಟರಿನದ್ದು ಸಾಕು. ಡ್ಯಾಕ್ ಇರುವ ಕನ್ವರ್ಟರಿಗೆ 1,000 ರೂಪಾಯಿಯೊಳಗೆ. ಉಳಿದ ಸಾವಿರ ಚಿಲ್ಲರೆಗೆ ಅದೇ ಮಾದರಿಯ ಇನ್ನೊಂದು ಜೊತೆ ಮೆತ್ತೆ ಕೊಂಡಿಟ್ಟರೆ, ಮೂರು ವರ್ಷದ ಮೇಲೆ ಹಳೆಯದರ ರೆಕ್ಸಿನ್ ಸಿಪ್ಪೆಯೇಳುವಾಗ ಉಪಯೋಗಕ್ಕೆ ಬರುತ್ತದೆ.

ಈ ಲೆಕ್ಕ ಒಂದು ವಿವರ ಬದಲಾದರೂ ಬದಲಾಗುತ್ತದೆ. ತಂದೆ ಶ್ರವಣಯಂತ್ರ ಬಳಸುತ್ತಿದ್ದರೆ ಮೇಲೆ ಕೂರುವ ಬಟ್ಟಲಿನಿಂದ ಅದು ಸಿಳ್ಳೆ ಹಾಕಬಹುದು. ಈಚಿನ ಅನೇಕ ಶ್ರವಣಯಂತ್ರಗಳಿಗೆ ಫೋನಿನ ಹಾಡು ಬ್ಲೂಟೂತಿನಲ್ಲಿ ನೇರವಾಗಿ ತಲುಪುವುದರಿಂದ ಹೆಡ್‌ಫೋನೇ ಬೇಡವಾಗಲೂಬಹುದು. ಅದೇ ಮನೆಯ ತಾಯಿ ಅಡುಗೆ ಮಾಡುತ್ತ ದಾಸರ ಪದ ಕೇಳುವವರಾದರೆ ಆ 6,000ಕ್ಕೆ ಬ್ಯಾಟರಿಯ ಬ್ಲೂಟೂತ್ ಸ್ಪೀಕರ್ ಸರಿ. ಅಲ್ಲಿ ಮುಖ್ಯವಾದದ್ದು ಎಕ್ಸಾಸ್ಟ್ ಫ್ಯಾನಿನ ಸದ್ದಿನ ನಡುವೆಯೂ ಸಾಹಿತ್ಯ ಬಿಡಿಬಿಡಿಯಾಗಿ ಕೇಳಿಸುವುದು, ಬಾಸ್ ಅಲ್ಲ. ಎಣ್ಣೆಯ ಜಿಡ್ಡು, ನೀರಿನ ಹನಿ ತಾಳುವ ಹೊದಿಕೆ ಇರಬೇಕು. ಒಲೆಯಿಂದ ದೂರ, ಕಿವಿಯ ಎತ್ತರದ ಅಟ್ಟಣಿಗೆಯ ಮೇಲೆ ಇಡಬೇಕು. ಫೋನಿನ ಗೊಡವೆಯೇ ಬೇಡ ಎನ್ನುವ ಹಿರಿಯರಿಗೆ, ಹಾಡುಗಳನ್ನು ಒಳಗೇ ತುಂಬಿಸಿ ಕೊಡುವ ರೇಡಿಯೊದಂಥ ಸಾಧನಗಳಿವೆ. ಸರೆಗಮ ಕಂಪನಿ 2017ರಲ್ಲಿ ಹೊರತಂದ ಕಾರ್ವಾನ್ ಈ ಬಗೆಯದು. ಅಂಥದ್ದನ್ನು ಕೊಳ್ಳುವಾಗ ಒಳಗಿರುವ ಹಾಡುಗಳ ಪಟ್ಟಿಯಲ್ಲಿ ಅವರಿಗೆ ಬೇಕಾದವರು ಇದ್ದಾರೆಯೇ ಎಂದು ಓದಿ ನೋಡಬೇಕು.

ಬೆಲೆಯ ಮೆಟ್ಟಿಲುಗಳು ಸ್ಥೂಲವಾಗಿ ಹೀಗಿವೆ, ಹಬ್ಬದ ಮಾರಾಟದಲ್ಲಿ ಇವು ಕೆಳಗಿಳಿಯುತ್ತವೆ. ಎರಡು ಸಾವಿರ ರೂಪಾಯಿಯೊಳಗೆ ಅತ್ಯುತ್ತಮ ದನಿ ಸಿಗುವುದು ಕಿವಿಯೊಳಗೆ ಕೂರುವ ತಂತಿಯ ಇಯರ್‌ಫೋನಿನಲ್ಲಿ. ಈ ಬೆಲೆಯ ನಿಸ್ತಂತು ಸಾಧನ ಯಾವುದೂ ದನಿಯಲ್ಲಿ ಅದಕ್ಕೆ ಸಾಟಿಯಿಲ್ಲ. ವಿದ್ಯಾರ್ಥಿಗೆ ಕೊಡಲು ಇದಕ್ಕಿಂತ ಒಳ್ಳೆಯ ಉಡುಗೊರೆ ಹುಡುಕಬೇಕಿಲ್ಲ. ಮೂರರಿಂದ ಆರು ಸಾವಿರ, ಮೇಲಿನ ಉದಾಹರಣೆಯ ಜಾಗ. ಎಂಟರಿಂದ ಹನ್ನೆರಡು ಸಾವಿರಕ್ಕೆ ಆಂಪ್ಲಿಫೈಯರ್ ಒಳಗೊಂಡ ಜೋಡಿ ಸ್ಪೀಕರ್ ಇಲ್ಲವೇ ಪ್ರಯಾಣಿಕರಿಗೆ ಗದ್ದಲ ಕಳೆಯುವ ಹೆಡ್‌ಫೋನ್ ದೊರೆಯುತ್ತದೆ. ಕೋಣೆಯೂ ಜಾಗವೂ ಇರುವವರಿಗೆ ಈ ಮೆಟ್ಟಿಲಿನ ಜೋಡಿ ಸ್ಪೀಕರ್ ಹಣಕ್ಕೆ ಸರಿಯಾದ ಆನಂದ ಕೊಡುತ್ತದೆ. ಇಪ್ಪತ್ತೈದು ಸಾವಿರ ದಾಟಿದ ಮೇಲೆ ಬೆಲೆ ಇಮ್ಮಡಿಯಾದರೂ ದನಿಯ ಸುಧಾರಣೆ ಕೂದಲೆಳೆಯಷ್ಟು. ಆ ಮೊತ್ತದ ಸಾಧನವನ್ನು ಪಡೆಯುವವರೇ ಕೇಳಿ ನೋಡಿ ಆರಿಸಿಕೊಳ್ಳುವುದು ಮೇಲು.

ಎಷ್ಟೇ ಒಳ್ಳೆಯ ಸಾಧನವಾದರೂ ಕಿವಿಗೆ ಮಿತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳುವುದು ಸುರಕ್ಷಿತ. 90 ಡೆಸಿಬೆಲ್ ಆದರೆ ವಾರಕ್ಕೆ ನಾಲ್ಕೇ ಗಂಟೆ. ಅನೇಕ ಫೋನುಗಳ ಸೆಟ್ಟಿಂಗಿನಲ್ಲಿ ಹೆಡ್‌ಫೋನಿನ ದನಿಗೆ ಮಿತಿ ಹಾಕುವ ಸೌಲಭ್ಯವಿದೆ. ಹದಿಹರೆಯದವರಿಗೆ ಕೊಡುವಾಗ ಅದನ್ನು ಜೋಡಿಸಿಯೇ ಕೊಡುವುದು ಒಳ್ಳೆಯದು. ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ಕುಂಯ್ ಎನ್ನುವ ಸದ್ದು ಉಳಿದರೆ ಅದು ದನಿ ಮಿತಿ ಮೀರಿತ್ತೆಂಬುದರ ಗುರುತು.

ಹೆಸರುವಾಸಿ ಮಾದರಿಗಳ ನಕಲುಗಳು ಆನ್‌ಲೈನಿನಲ್ಲೂ ಬೀದಿಯಲ್ಲೂ ಧಾರಾಳವಾಗಿ ಮಾರಾಟವಾಗುತ್ತವೆ. ಅರ್ಧ ಬೆಲೆಗೆ ಸಿಕ್ಕಿತೆಂದರೆ ಅನುಮಾನಿಸಬೇಕು, ಕಂಪನಿಯ ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಬೇಕು. ಕಿವಿಯೊಳಗಿಡುವ ಸಾಧನಗಳನ್ನು ಡಬ್ಬಿ ಒಡೆದ ಮೇಲೆ ಹಲವು ಅಂಗಡಿಗಳು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆ ನಿಯಮವನ್ನು ಮೊದಲೇ ಕೇಳಿ ತಿಳಿದಿರಬೇಕು. ವಾರಂಟಿಯ ದಿನಗಳು ಲೆಕ್ಕಕ್ಕೆ ಬರುವುದು ಕೊಂಡ ದಿನದಿಂದ, ಕೊಟ್ಟ ದಿನದಿಂದಲ್ಲ. ಹಾಗಾಗಿ ಹುಟ್ಟುಹಬ್ಬಕ್ಕೆ ಮೂರು ತಿಂಗಳು ಮೊದಲೇ ಕೊಂಡಿಡಬೇಡಿ. ಬೆಲೆ ಕಾಣದಂತೆ ಮಡಿಸಿಯಾದರೂ ಸರಿ, ಬಿಲ್ಲನ್ನು ಡಬ್ಬಿಯೊಳಗೇ ಇಟ್ಟು ಕೊಡಿ.